ಬೇಲಿ ಪೆಟ್ಟಿಗೆಯ ಮುಚ್ಚಳ: ಕೋರ್, ಕ್ಯಾವಿಟಿ ಬಿಡಿಸಲು ನಾನು ಹಿಡಿದ ಮೂರು ದಾರಿಗಳು

ಪ್ಲಾಸ್ಟಿಕ್ ಭಾಗವೊಂದರ ಅಚ್ಚನ್ನು ಒಳಮೈ ರೂಪಿಸುವ ಕೋರ್ ಮತ್ತು ಹೊರಮೈ ರೂಪಿಸುವ ಕ್ಯಾವಿಟಿಯಾಗಿ ಬಿಡಿಸುವಾಗ ಸರ್ಫೇಸ್‌ಗಳನ್ನು ಒಂದೊಂದಾಗಿ ನಾನೇ ಎಳೆದು ಜೋಡಿಸುವ ದಾರಿ ನನಗೆ ಇಷ್ಟ ಎಂದು ಮೊದಲೇ ಹೇಳಿಬಿಡುತ್ತೇನೆ. ಅದು ನಿಧಾನದ ದಾರಿ. ಆದರೂ ಕಳೆದ ಮಳೆಗಾಲದಲ್ಲಿ ಒಂದೇ ಅಚ್ಚಿಗೆ ಎರಡು ಸಲ ಹಣ ಕಟ್ಟಿದ ಮೇಲೆ, ಹಾಗೆ ಮಾಡದ ಡ್ರಾಯಿಂಗನ್ನು ಟೂಲ್‌ರೂಮ್‌ಗೆ ಕಳಿಸಲು ಮನಸ್ಸು ಒಪ್ಪುವುದಿಲ್ಲ.

ಕುಶಾಲನಗರದ ಮನೆಯಲ್ಲೇ ಕುಳಿತು ಅಚ್ಚಿನ ವಿನ್ಯಾಸ ಮಾಡುತ್ತೇನೆ. ತಿಂಗಳಿಗೆ ಒಂದೋ ಎರಡೋ ಕೆಲಸ, ಉಕ್ಕು ಕೊರೆಯುವುದೆಲ್ಲ ಮೈಸೂರಿನಲ್ಲಿ. ಆನೆ ಬರುವ ತೋಟಗಳಿಗೆ ಸೋಲಾರ್ ಬೇಲಿ ಹಾಕಿಕೊಡುವ ಗೋಣಿಕೊಪ್ಪದ ಗ್ರಾಹಕರೊಬ್ಬರು ತಮ್ಮ ಬೇಲಿ ಯಂತ್ರದ ಪೆಟ್ಟಿಗೆಗೆ ಮುಚ್ಚಳ ಬೇಕೆಂದು ಬಂದರು. ಉದ್ದ 120 ಮಿಲಿಮೀಟರ್, ಅಗಲ 80, ಎತ್ತರ 35, ಗೋಡೆಯ ದಪ್ಪ 2.5, ಪಾಲಿಪ್ರೊಪಿಲೀನ್. ಮುಚ್ಚಳವನ್ನು ಮೇಜಿನ ಮೇಲೆ ಬೋರಲು ಇಟ್ಟರೆ ಒಂದು ಬದಿಯ ಗೋಡೆಯ ಬುಡದಲ್ಲಿ ಇಲಿ ಬಿಲದಂತೆ ಒಂದು ಕಚ್ಚು ಕಾಣುತ್ತದೆ. ಕೇಬಲ್ ಒಳಹೋಗಲು ಬಿಟ್ಟ ಜಾಗ ಅದು: 16 ಮಿಲಿಮೀಟರ್ ಅಗಲ, 10 ಎತ್ತರ. ಈ ಬರಹದ ಬಹುಪಾಲು ಆ ಕಚ್ಚಿನ ಕಥೆಯೇ.

ಮೊದಲ ದಾರಿ ಸಾಲಿಡ್‌ವರ್ಕ್ಸ್ ತಂತ್ರಾಂಶದ ಅಚ್ಚಿನ ಆದೇಶಗಳನ್ನು ಸಾಲಾಗಿ ಒತ್ತುವುದು. `Scale` ಕೊಟ್ಟು ಕುಗ್ಗುವಿಕೆ ಸೇರಿಸಿದೆ (ಶೇಕಡಾ 1.5 ಹಿಡಿದರೆ 120 ಇದ್ದದ್ದು 121.8 ಆಗುತ್ತದೆ). `Parting Lines` ಒತ್ತಿ ಅಚ್ಚು ತೆರೆಯುವ ದಿಕ್ಕನ್ನು ತೋರಿಸಿದರೆ ಕೋರ್ ಮತ್ತು ಕ್ಯಾವಿಟಿ ಬೇರೆಯಾಗುವ ಗೆರೆ ಮುಚ್ಚಳದ ಅಂಚಿನ ಸುತ್ತ ತಾನಾಗಿ ಓಡುತ್ತದೆ. ಆಮೇಲೆ ರಂಧ್ರಗಳಿಗೆ `Shut-off Surfaces`, ಹೊರಕ್ಕೆ ಹಾಸುವ ಹಾಳೆಗೆ `Parting Surfaces`, ಕೊನೆಗೆ `Tooling Split`. ಇಪ್ಪತ್ತು ನಿಮಿಷದಲ್ಲಿ ಕೋರ್ ಒಂದು ಕಡೆ, ಕ್ಯಾವಿಟಿ ಇನ್ನೊಂದು ಕಡೆ ಬಂದು ನಿಂತವು. ಒಂದೂ ದೋಷದ ಸೂಚನೆ ಬರಲಿಲ್ಲ. ಅದೇ ಸಂಜೆ ಕಡತಗಳನ್ನು ಮೈಸೂರಿಗೆ ಕಳಿಸಿದೆ.

ಅಚ್ಚು ಬಂತು, ಮೊದಲ ಮುಚ್ಚಳಗಳೂ ಚೆನ್ನಾಗಿಯೇ ಬಂದವು. ಕೆಲವು ನೂರು ಮುಚ್ಚಳಗಳಾದ ಮೇಲೆ ಕಚ್ಚಿನ ಎರಡು ಪಕ್ಕಗಳಲ್ಲಿ ಈರುಳ್ಳಿ ಸಿಪ್ಪೆಯಂಥ ಪೊರೆ ಕಾಣಿಸಿತು. ಫ್ಲ್ಯಾಷ್. ದಿನದಿಂದ ದಿನಕ್ಕೆ ಅದು ದಪ್ಪವಾಯಿತು. ರಬ್ಬರ್ ಗ್ರಾಮೆಟ್ ಕಚ್ಚಿನಲ್ಲಿ ಸರಿಯಾಗಿ ಕೂರಲಿಲ್ಲ. ಗ್ರಾಹಕರ ಮನೆಯವರು ರಾತ್ರಿ ಕುಳಿತು ಒಂದೊಂದು ಮುಚ್ಚಳವನ್ನೂ ಬ್ಲೇಡಿನಿಂದ ಕೆರೆಯುತ್ತಿದ್ದರೆಂದು ತಿಳಿದಾಗ ನನಗೆ ನಿದ್ದೆ ಹತ್ತಲಿಲ್ಲ.

ಮರುವಾರ ಮೈಸೂರಿಗೆ ಹೋದೆ. ಟೂಲ್‌ರೂಮ್‌ನ ಹಿರಿಯ ಫಿಟ್ಟರ್ ಅಚ್ಚನ್ನು ಬಿಚ್ಚಿ, ಉಕ್ಕು ಎಲ್ಲಿ ತಾಗುತ್ತದೆಂದು ತೋರಿಸುವ ನೀಲಿ ಬಣ್ಣ, ಬ್ಲೂ, ಅದನ್ನು ಕೋರ್‌ಗೆ ತೆಳುವಾಗಿ ಹಚ್ಚಿ, ಎರಡು ಭಾಗಗಳನ್ನೂ ಮುಚ್ಚಿ ತೆಗೆದರು. ಸುತ್ತಲಿನ ಚಪ್ಪಟೆ ಅಂಚಿನಲ್ಲಿ ನೀಲಿ ಒಂದೇ ಸಮನಾಗಿ ಅಂಟಿತ್ತು. ಕಚ್ಚನ್ನು ರೂಪಿಸುವ ಕೋರ್‌ನ ನಾಲಿಗೆಯ ಎರಡು ಪಕ್ಕಗಳಲ್ಲಿ ಮಾತ್ರ ಬಣ್ಣ ಒರೆಸಿಹೋಗಿ, ಅಡಿಯ ಉಕ್ಕಿನಲ್ಲಿ ಉಗುರಿನಿಂದ ಗೀರಿದಂಥ ನೇರ ಗೆರೆಗಳು ಕಂಡವು. "ಇಲ್ಲಿ ಉಕ್ಕು ಉಕ್ಕಿನ ಮೇಲೆ ಕೂರುತ್ತಿಲ್ಲ ಸರ್, ಉಜ್ಜಿಕೊಂಡು ಹೋಗುತ್ತಿದೆ" ಎಂದರು.

ಇದರ ಕಾರಣ ಬಿಡಿಸಿ ಹೇಳಬೇಕು. ಬೋರಲು ಮುಚ್ಚಳದ ಪಾರ್ಟಿಂಗ್ ಲೈನ್ ಅಂಚಿನಲ್ಲಿ ಚಪ್ಪಟೆಯಾಗಿ ಸಾಗುತ್ತದೆ. ಕಚ್ಚು ಬಂದಲ್ಲಿ 10 ಮಿಲಿಮೀಟರ್ ಮೇಲೆ ಹತ್ತಿ, ಅಡ್ಡಲಾಗಿ ದಾಟಿ, ಮತ್ತೆ ಕೆಳಗಿಳಿಯುತ್ತದೆ. ಆ ಗೆರೆಯಿಂದ ಹಾಳೆಯನ್ನು ಹೊರಕ್ಕೆ ಹಾಸಿದಾಗ ಕೋರ್‌ನಲ್ಲಿ ಒಂದು ನಾಲಿಗೆಯೂ ಕ್ಯಾವಿಟಿಯಲ್ಲಿ ಅದಕ್ಕೆ ಸರಿಹೊಂದುವ ಕಾಲುವೆಯೂ ಹುಟ್ಟುತ್ತವೆ. ನನ್ನ ಕಚ್ಚಿನ ಪಕ್ಕಗಳು ನೆಟ್ಟಗಿದ್ದವು, ಅಂದರೆ ಅಚ್ಚು ತೆರೆಯುವ ದಿಕ್ಕಿಗೆ ಸಮಾನಾಂತರವಾಗಿದ್ದವು. ಹಾಗಾಗಿ ನಾಲಿಗೆಯ ಪಕ್ಕಗಳೂ ಕಾಲುವೆಯ ಪಕ್ಕಗಳೂ ನೆಟ್ಟಗಾದವು. ಪ್ರತಿ ಸಲ ಅಚ್ಚು ಮುಚ್ಚುವಾಗ ಒಂದು ಉಕ್ಕು ಇನ್ನೊಂದರ ಮೈಯನ್ನು ಹತ್ತು ಮಿಲಿಮೀಟರ್ ಉದ್ದಕ್ಕೂ ಸವೆಸುತ್ತದೆ. ಬಿಗಿಯಾಗಿ ಕೂರಿಸಿದರೆ ಉಕ್ಕು ಕಿತ್ತುಬರುತ್ತದೆ. ಸಡಿಲ ಬಿಟ್ಟರೆ ಆ ಸಂದಿಯಲ್ಲಿ ಪ್ಲಾಸ್ಟಿಕ್ ನುಗ್ಗುತ್ತದೆ. ಪಾಲಿಪ್ರೊಪಿಲೀನ್ ಕರಗಿದಾಗ ಬಲು ತೆಳು, ಅದಕ್ಕೆ 0.03 ಮಿಲಿಮೀಟರ್ ಸಂದಿ ಸಿಕ್ಕರೂ ಸಾಕು.

ಪಕ್ಕಗಳಿಗೆ ಇಳಿಜಾರಿದ್ದರೆ ಹೀಗಾಗುವುದಿಲ್ಲ. ಅಚ್ಚು ಮುಚ್ಚುವ ಕೊನೆಯ ಕ್ಷಣದವರೆಗೂ ಎರಡು ಉಕ್ಕುಗಳ ನಡುವೆ ಅಂತರವಿರುತ್ತದೆ, ಪೂರ್ತಿ ಮುಚ್ಚಿದಾಗ ಮಾತ್ರ ಒಂದರ ಮೇಲೊಂದು ಒತ್ತಿ ಕೂರುತ್ತವೆ. ಸಾಮಾನ್ಯವಾಗಿ 5 ಡಿಗ್ರಿ ಬೇಕೆನ್ನುತ್ತಾರೆ, ಜಾಗವಿಲ್ಲದಿದ್ದರೆ 3 ಡಿಗ್ರಿ.

ಹಾಳೆಯನ್ನಷ್ಟೇ ಓರೆಯಾಗಿ ಎಳೆದರೆ ಸಾಲದೇ ಎಂದು ನಾನೂ ಮೊದಲು ಯೋಚಿಸಿದ್ದೆ. ಸಾಲದು. ಪಾರ್ಟಿಂಗ್ ಗೆರೆಯ ಒಂದು ತುಂಡು ಅಚ್ಚು ತೆರೆಯುವ ದಿಕ್ಕಿನಲ್ಲೇ ನೆಟ್ಟಗೆ ನಿಂತಿದ್ದರೆ, ಆ ತುಂಡಿನ ಮೂಲಕ ಹಾಯುವ ಯಾವ ಹಾಳೆಯೂ ಅಲ್ಲಿ ಆ ದಿಕ್ಕನ್ನು ಸವರಿಕೊಂಡೇ ಹೋಗುತ್ತದೆ. ಅದನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಗೆರೆಯ ಮೇಲೆ ಇಳಿಜಾರು ಸೊನ್ನೆಯೇ. ಪಾರ್ಟಿಂಗ್ ಗೆರೆಯನ್ನು ಗೋಡೆಯ ಹೊರ ಅಂಚಿನಿಂದ ಒಳ ಅಂಚಿಗೆ ಸರಿಸಿದರೂ ಫಲವಿಲ್ಲ, ಅದೂ ನೆಟ್ಟಗಿನ ಅಂಚೇ. ಬದಲಾಗಬೇಕಾದದ್ದು ಮುಚ್ಚಳ. ಕಚ್ಚಿನ ತಲೆಯಲ್ಲಿ 16 ಮಿಲಿಮೀಟರ್ ಇಟ್ಟುಕೊಂಡು ಪಕ್ಕಗಳನ್ನು 5 ಡಿಗ್ರಿ ಓರೆ ಮಾಡಿದರೆ 10 ಮಿಲಿಮೀಟರ್ ಎತ್ತರಕ್ಕೆ ಒಂದೊಂದು ಪಕ್ಕದಲ್ಲಿ 0.87 ಹೆಚ್ಚುತ್ತದೆ, ಬಾಯಿಯಲ್ಲಿ ಅಗಲ ಸುಮಾರು 17.75 ಆಗುತ್ತದೆ. ಗ್ರಾಹಕರಿಗೆ ಫೋನ್ ಮಾಡಿ ಕೇಳಿದೆ. "ಕೇಬಲ್ ಹಿಡಿದರೆ ಸಾಕು, ನನಗೇನೂ ತೊಂದರೆಯಿಲ್ಲ" ಎಂದರು. ಉಕ್ಕು ಕೊರೆಯುವ ಮೊದಲೇ ಈ ಮಾತು ಕೇಳಿದ್ದರೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ.

ಉಕ್ಕು ಕೊರೆದ ಮೇಲೆ ಲೆಕ್ಕವೇ ಬೇರೆ. ಕ್ಯಾವಿಟಿಯ ಕಾಲುವೆಯನ್ನು ಅಗಲ ಮಾಡುವುದು ಸುಲಭ, ಅಲ್ಲಿ ಉಕ್ಕು ತೆಗೆದರಾಯಿತು. ಕೋರ್‌ನ ನಾಲಿಗೆಯ ಬುಡವನ್ನು ದಪ್ಪ ಮಾಡಲು ಇಲ್ಲದ ಉಕ್ಕನ್ನು ತರಬೇಕು. ನಾಲಿಗೆಯನ್ನು ಕತ್ತರಿಸಿ, ಆ ಜಾಗದಲ್ಲಿ ಗುಂಡಿ ಕೊರೆದು, ಓರೆ ಪಕ್ಕದ ಹೊಸ ಇನ್ಸರ್ಟ್ ಕೂರಿಸಿದರು. 22,000 ರೂಪಾಯಿ ನನ್ನ ಕೈಯಿಂದಲೇ ಹೋಯಿತು, ತಪ್ಪು ನನ್ನದಾದ್ದರಿಂದ ಹೋಗಬೇಕಾದದ್ದೇ. `Parting Lines` ಪರದೆಯಲ್ಲಿ ಕಚ್ಚಿನ ಎರಡು ಪಕ್ಕಗಳು ಇಳಿಜಾರಿಲ್ಲವೆಂದು ಹಳದಿಯಾಗಿ ಕಂಡಿದ್ದವು. ಹತ್ತೇ ಮಿಲಿಮೀಟರ್, ಮುಚ್ಚಳ ಹೇಗೂ ಬಿಟ್ಟುಬರುತ್ತದೆ ಎಂದು ಮುಂದೆ ಹೋಗಿದ್ದೆ. ಮುಚ್ಚಳ ಬಿಟ್ಟುಬಂತು ಕೂಡ. ಹಳದಿ ಬಣ್ಣವನ್ನು ನಾನು ಪ್ಲಾಸ್ಟಿಕ್ ಬಿಡುವುದರ ಲೆಕ್ಕದಲ್ಲಷ್ಟೇ ಓದಿದ್ದೆ, ಉಕ್ಕು ಉಕ್ಕನ್ನು ಮುಟ್ಟುವ ಲೆಕ್ಕದಲ್ಲಿ ಓದಿರಲಿಲ್ಲ.

ಎರಡನೆಯ ದಾರಿ, ನನ್ನ ದಾರಿ. ಅದೇ ತಂತ್ರಾಂಶದಲ್ಲೇ ಮಾಡುತ್ತೇನೆ. ಮುಚ್ಚಳದ ಹೊರಮೈಯ ಮುಖಗಳನ್ನೆಲ್ಲ ಸೊನ್ನೆ ಅಂತರದ `Offset Surface` ಆಗಿ ನಕಲು ಮಾಡಿಕೊಳ್ಳುತ್ತೇನೆ. ರಂಧ್ರಗಳಿದ್ದರೆ ನಾನೇ ತೇಪೆ ಹಾಕುತ್ತೇನೆ. ಆಮೇಲೆ ಪಾರ್ಟಿಂಗ್ ಗೆರೆಯ ಒಂದೊಂದು ತುಂಡನ್ನೂ ಆರಿಸಿ `Ruled Surface` ಎಳೆಯುತ್ತೇನೆ. ನೆಟ್ಟಗಿನ ಅಂಚು ಬಂದಾಗ ಕೆಲಸ ಅಲ್ಲೇ ನಿಲ್ಲುತ್ತದೆ. 5 ಡಿಗ್ರಿ ಬೇಕೆಂದು ಕೊಟ್ಟರೂ ಆ ಅಂಚಿನಿಂದ ಇಳಿಜಾರಿನ ಹಾಳೆ ಬರಲಾರದು, ಹಾಗಾಗಿ ಮುಚ್ಚಳದ ಮಾದರಿಗೇ ವಾಪಸು ಹೋಗಬೇಕಾಗುತ್ತದೆ. ಹೀಗೆ ತಡೆದು ನಿಲ್ಲಿಸುತ್ತದೆ ಎಂಬುದಕ್ಕೇ ಈ ದಾರಿ ನನಗೆ ಬೇಕು.

ಇನ್ನೊಂದು ಅನುಕೂಲವಿದೆ. ನಾಲಿಗೆ ಎಲ್ಲಿಗೆ ಮುಗಿಯಬೇಕೆಂದು ನಾನು ನಿರ್ಧರಿಸಬಹುದು. ಮೊದಲ ಅಚ್ಚಿನಲ್ಲಿ ಅದು ಉಕ್ಕಿನ ಅಂಚಿನವರೆಗೂ ಚಾಚಿತ್ತು. ಈಗ ಗೋಡೆಯಿಂದ 12 ಮಿಲಿಮೀಟರ್ ಹೊರಗೆ ನಿಲ್ಲಿಸಿ, ಅದರ ಮೂತಿಗೂ ಓರೆ ಕೊಟ್ಟು, ಉಳಿದದ್ದನ್ನೆಲ್ಲ ಚಪ್ಪಟೆ ಬಿಡುತ್ತೇನೆ. ಚಪ್ಪಟೆ ಭಾಗವನ್ನು ಗ್ರೈಂಡಿಂಗ್‌ನಲ್ಲೇ ಮುಗಿಸಬಹುದು. ಫಿಟ್ಟರ್ ಬ್ಲೂ ಹಚ್ಚಿ ಕೂರಿಸಬೇಕಾದ ಓರೆ ಜಾಗ ಅಷ್ಟು ಕಡಿಮೆಯಾಗುತ್ತದೆ, ಅವರ ಗಂಟೆಯ ಲೆಕ್ಕವೂ ಇಳಿಯುತ್ತದೆ.

ತೊಂದರೆ ಹೊಲಿಗೆಯಲ್ಲಿದೆ. ಹಾಳೆಗಳನ್ನು `Knit` ಮಾಡುವಾಗ ಎಲ್ಲೋ ಒಂದು ಮೂಲೆಯಲ್ಲಿ ಕೂದಲೆಳೆಯ ಸಂದಿ ಉಳಿದರೂ ಉಕ್ಕಿನ ಗಟ್ಟಿ ಎರಡಾಗುವುದಿಲ್ಲ. ಟಾಲರೆನ್ಸ್ ಸಡಿಲಿಸಿ ಮುಚ್ಚಿಬಿಡುವ ಆಸೆಯಾಗುತ್ತದೆ. ನಾನು ಹಾಗೆ ಮಾಡದೆ ಆ ಮೂಲೆಯ ಹಾಳೆಯನ್ನು ಅಳಿಸಿ ಮತ್ತೆ ಎಳೆಯುತ್ತೇನೆ. ಈ ಮುಚ್ಚಳಕ್ಕೆ ಒಟ್ಟು ಮೂರೂವರೆ ಗಂಟೆ ಹಿಡಿಯಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು: ಕಚ್ಚಿಗೆ ಓರೆ ಕೊಟ್ಟ ಮೇಲೆ ಅದೇ ಮುಚ್ಚಳವನ್ನು ಮೊದಲ ದಾರಿಗೆ ಹಾಕಿ ನೋಡಿದೆ, ಅದೂ 5 ಡಿಗ್ರಿಯ ಸರಿಯಾದ ಹಾಳೆಯನ್ನೇ ಕೊಟ್ಟಿತು.

ಮೂರನೆಯದು ಖರ್ಚಿಲ್ಲದ ದಾರಿ, ಫ್ರೀಕ್ಯಾಡ್. ಅದೇ ಪೆಟ್ಟಿಗೆಯ ತಳಭಾಗವನ್ನು ಇದರಲ್ಲಿ ಮಾಡಿದೆ. ಅದಕ್ಕೆ ಕಚ್ಚಿಲ್ಲ, ರಂಧ್ರವಿಲ್ಲ, ಅಂಚು ಪೂರ್ತಿ ಚಪ್ಪಟೆ. ಉಕ್ಕಿನ ಗಟ್ಟಿಯಿಂದ ಪೆಟ್ಟಿಗೆಯನ್ನು `Cut` ಮಾಡಿ, ಅಂಚಿನ ಮಟ್ಟದಲ್ಲಿ ಒಂದು ಸಮತಲವಿಟ್ಟು `Slice apart` ಮಾಡಿದರೆ ಎರಡಲ್ಲ, ಮೂರು ತುಂಡುಗಳು ಬರುತ್ತವೆ: ಮೇಲಿನ ಹಲಗೆ, ಕೆಳಗಿನ ಕ್ಯಾವಿಟಿ, ಪೆಟ್ಟಿಗೆಯ ಹೊಟ್ಟೆಯೊಳಗೆ ಒಂಟಿಯಾಗಿ ಕುಳಿತ ಒಂದು ದಿಮ್ಮಿ. ಆ ದಿಮ್ಮಿಯನ್ನು ಮೇಲಿನ ಹಲಗೆಗೆ ಬೆಸೆದರೆ ಕೋರ್ ಸಿದ್ಧ. ಮೂರನೆಯ ತುಂಡು ಕಾಣಿಸದಿದ್ದರೆ ಪೆಟ್ಟಿಗೆಯಲ್ಲಿ ಎಲ್ಲೋ ರಂಧ್ರವಿದೆ, ಅದರ ಮೂಲಕ ದಿಮ್ಮಿ ಕ್ಯಾವಿಟಿಗೆ ಅಂಟಿಕೊಂಡಿದೆ ಎಂದರ್ಥ. ಗೆರೆ ಏರಿಳಿಯುವ ಭಾಗಕ್ಕೆ ಈ ದಾರಿ ನನ್ನ ಕೈಗೆ ಒಗ್ಗಲಿಲ್ಲ.

ದಿನಕ್ಕೆ ನಾಲ್ಕು ಭಾಗ ಬಿಡಿಸಬೇಕಾದವರಿಗೆ ನನ್ನ ದಾರಿ ದುಬಾರಿಯಾಗುತ್ತದೆ, ಅವರು ಮೊದಲನೆಯದನ್ನೇ ಹಿಡಿದು ಹಳದಿ ಮುಖಗಳನ್ನು ಒಂದೊಂದಾಗಿ ನೋಡಿಕೊಳ್ಳಲಿ. ನನಗೆ ತಿಂಗಳಿಗೆ ಎರಡೇ ಕೆಲಸ, ಮೂರೂವರೆ ಗಂಟೆ ಕೊಡಬಲ್ಲೆ, ಇನ್ನೊಂದು 22,000 ಕೊಡಲಾರೆ. ಗ್ರಾಹಕರಿಗೆ ದರ ಹೇಳುವ ಹಂತದಲ್ಲಿ ಅಚ್ಚು ತೆರೆಯುವಾಗ ಸಿಕ್ಕಿಹಾಕಿಕೊಳ್ಳುವ ಅಂಡರ್‌ಕಟ್ ಇದೆಯೇ, ಪಕ್ಕಕ್ಕೆ ಸರಿಯುವ ಸ್ಲೈಡರ್ ಬೇಕೇ ಎಂದು ನೋಡಲು ಈಗಲೂ ಇಪ್ಪತ್ತು ನಿಮಿಷದ ದಾರಿಯನ್ನೇ ಬಳಸುತ್ತೇನೆ. ತಳಭಾಗದಂಥ ಚಪ್ಪಟೆ ಅಂಚಿನವಕ್ಕೆ ಫ್ರೀಕ್ಯಾಡ್ ಸಾಕು.

ಈ ವಾರ ಜೇನು ಬಾಟಲಿಯ ಮುಚ್ಚಳವೊಂದು ಬಂದಿದೆ, ಪಕ್ಕದಲ್ಲಿ ಮಡಚುವ ಕೀಲಿರುವುದು. ಮಾದರಿಯನ್ನು ತೆರೆದ ಕೂಡಲೇ ಮುಂಭಾಗದ ನೋಟಕ್ಕೆ ತಿರುಗಿಸಿ, ಆಮೇಲೆ ಪಕ್ಕದ ನೋಟಕ್ಕೆ ತಿರುಗಿಸಿ, ಪಾರ್ಟಿಂಗ್ ಗೆರೆಯಲ್ಲಿ ನೆಟ್ಟಗೆ ನಿಂತ ಅಂಚು ಯಾವುದೆಂದು ಹುಡುಕಿದೆ. ಕೀಲಿನ ಎರಡೂ ಬದಿಯಲ್ಲಿ 3 ಮಿಲಿಮೀಟರ್ ಎತ್ತರದ ಒಂದೊಂದು ಅಂಚು ಸಿಕ್ಕಿತು. ಅವಕ್ಕೆ 5 ಡಿಗ್ರಿ ಕೊಡಬಹುದೇ ಎಂದು ಕೇಳಿ ಪತ್ರ ಬರೆದಿದ್ದೇನೆ, ಉತ್ತರ ಬರುವವರೆಗೆ ಹಾಳೆ ಎಳೆಯುವುದಿಲ್ಲ.