ಸ್ವಸಹಾಯ ಸಂಘದ ಲೆಕ್ಕಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಹದಿನೈದು ಇಪ್ಪತ್ತು ಸದಸ್ಯೆಯರ ಸಂಘವೊಂದರ ಉಳಿತಾಯ, ಒಳಸಾಲ, ಬಡ್ಡಿ ಮತ್ತು ಬ್ಯಾಂಕ್ ಸಾಲದ ಲೆಕ್ಕವನ್ನು ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್‌ನಲ್ಲಿ ಇಡಬಹುದೇ? ಇಡಬಹುದು, ಚೆನ್ನಾಗಿಯೇ ಇಡಬಹುದು. ಕಾಸು ಕೊಡಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಕನ್ನಡದಲ್ಲಿ ಟೈಪ್ ಮಾಡಲು ತೊಂದರೆಯಿಲ್ಲ. ಆದರೆ ಇದು ಲೆಕ್ಕದ ತಂತ್ರಾಂಶವಲ್ಲ, ಖಾಲಿ ಹಾಳೆ. ಬಡ್ಡಿಯ ನಿಯಮ ಏನು, ಹಣ ಮೊದಲು ಯಾವುದಕ್ಕೆ ಜಮೆಯಾಗಬೇಕು ಎಂಬುದನ್ನು ನಾವೇ ಹೇಳಿಕೊಡಬೇಕು. ಅಲ್ಲಿ ತಪ್ಪಿದರೆ ತಪ್ಪು ಲೆಕ್ಕವನ್ನೇ ಅಚ್ಚುಕಟ್ಟಾಗಿ ಕೂಡಿ ಕೊಡುತ್ತದೆ.

ಹೊಸಬರು ಸಾಮಾನ್ಯವಾಗಿ ಪ್ರತಿ ಸದಸ್ಯೆಗೆ ಒಂದೊಂದು ಹಾಳೆ ತೆರೆಯುತ್ತಾರೆ, ಅಥವಾ ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಹೆಸರು ಹಾಕಿ ದೊಡ್ಡ ಕೋಷ್ಟಕ ಮಾಡುತ್ತಾರೆ. ಎರಡೂ ಆರು ತಿಂಗಳಲ್ಲಿ ಕೈ ಮೀರುತ್ತವೆ. ಕೊನೆಗೂ ನಿಲ್ಲುವ ವಿಧಾನ ಒಂದೇ: ಎಲ್ಲ ವ್ಯವಹಾರಕ್ಕೂ ಒಂದೇ ಹಾಳೆ, ಒಂದು ವ್ಯವಹಾರಕ್ಕೆ ಒಂದು ಸಾಲು. ನಾವು ಆ ಹಾಳೆಗೆ Entry ಎಂದು ಹೆಸರಿಟ್ಟಿದ್ದೇವೆ. ಕಾಲಂಗಳು ಆರೇ: ದಿನಾಂಕ, ಸದಸ್ಯೆಯ ಸಂಖ್ಯೆ, ಬಾಬ್ತು, ಜಮೆ, ಖರ್ಚು, ನಗದೋ ಬ್ಯಾಂಕೋ ಎಂಬ ಗುರುತು. ಸದಸ್ಯೆಯ ಉಳಿತಾಯ ಎಷ್ಟಾಯಿತು ಎಂಬುದನ್ನು ಬೇರೆ ಹಾಳೆಯಲ್ಲಿ ಈ ಸೂತ್ರ ಎತ್ತಿ ತರುತ್ತದೆ; ಆ ಹಾಳೆಯ A2ನಲ್ಲಿ ಸದಸ್ಯೆಯ ಸಂಖ್ಯೆ ಇರುತ್ತದೆ:

```
=SUMIFS($Entry.$D$2:$D$3000;$Entry.$B$2:$B$3000;A2;$Entry.$C$2:$C$3000;"ಉಳಿತಾಯ")
```

ಹೆಸರಿನ ಬದಲು ಸಂಖ್ಯೆ ಬಳಸುವುದಕ್ಕೆ ಕಾರಣವಿದೆ. ಒಂದೇ ಸಂಘದಲ್ಲಿ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ, ಮತ್ತು ಹೆಸರನ್ನು ಒಮ್ಮೊಮ್ಮೆ ಒಂದೊಂದು ಥರ ಟೈಪ್ ಮಾಡುತ್ತೇವೆ. ಬಾಬ್ತಿನ ಕಾಲಂನಲ್ಲೂ ಅದೇ ಅಪಾಯ. "ಉಳಿತಾಯ" ಎಂಬುದರ ಮುಂದೆ ಒಂದು ಸ್ಪೇಸ್ ಬಿದ್ದರೆ ಸೂತ್ರಕ್ಕೆ ಅದು ಬೇರೆ ಪದ; ಆ ಸಾಲು ನಗದು ಶಿಲ್ಕಿಗೆ ಸೇರುತ್ತದೆ, ಸದಸ್ಯೆಯ ಖಾತೆಗೆ ಸೇರುವುದಿಲ್ಲ. ಅದಕ್ಕೇ Data ಮೆನುವಿನ Validity ಬಳಸಿ ಬಾಬ್ತುಗಳ ಪಟ್ಟಿ ಕಟ್ಟಿಬಿಡಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಒಪ್ಪುವುದಿಲ್ಲ. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಈ ಕಾವಲು ಅಳಿಸಿಹೋಗುತ್ತದೆ. ಲೆಕ್ಕ ಬರೆಯುವವರು ಇಬ್ಬರಿದ್ದರೆ ಇದನ್ನು ಇಬ್ಬರಿಗೂ ಹೇಳಿರಬೇಕು.

ಇನ್ನು ಬಡ್ಡಿ. ಸಂಘಗಳ ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲೇ, ಅದೂ ಸದಸ್ಯೆ ಒಂದು ಕಂತು ತಪ್ಪಿಸಿದ ತಿಂಗಳಲ್ಲಿ.

ಒಬ್ಬ ಸದಸ್ಯೆ 10,000 ರೂಪಾಯಿ ಸಾಲ ಪಡೆದಿದ್ದಾರೆ ಎನ್ನಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಉಳಿದ ಅಸಲಿನ ಮೇಲೆ. ಅಸಲು ತಿಂಗಳಿಗೆ 1,000. ಮೊದಲ ಮೂರು ತಿಂಗಳು 200, 180, 160 ಬಡ್ಡಿಯ ಜೊತೆ ಕಂತು ಕಟ್ಟಿದರು. ಬಾಕಿ ಅಸಲು 7,000. ನಾಲ್ಕನೇ ತಿಂಗಳು ಸಭೆಗೆ ಬರಲಿಲ್ಲ. ಐದನೇ ತಿಂಗಳು 1,140 ರೂಪಾಯಿ ತಂದರು, ಏಕೆಂದರೆ ಹಿಂದಿನ ಸಭೆಯಲ್ಲಿ ಕಟ್ಟಬೇಕಿದ್ದುದು ಅಷ್ಟೇ. ಪುಸ್ತಕ ಬರೆಯುವವರು ರೂಢಿಯಂತೆ ಅಸಲು 1,000, ಬಡ್ಡಿ 140 ಎಂದು ಬರೆದುಬಿಡುತ್ತಾರೆ. ಬಾಕಿ 6,000 ಎಂದು ಪಾಸ್‌ಬುಕ್‌ನಲ್ಲೂ ಬರುತ್ತದೆ. ಸಂಘಕ್ಕೆ ಒಂದು ತಿಂಗಳ ಬಡ್ಡಿ 140 ರೂಪಾಯಿ ಯಾರ ಕಣ್ಣಿಗೂ ಬೀಳದೆ ಹೋಯಿತು. ನಗದು ಮಾತ್ರ ಪೈಸೆಗೆ ಪೈಸೆ ತಾಳೆಯಾಗುತ್ತದೆ.

ಸರಿಯಾದ ಲೆಕ್ಕದಲ್ಲಿ 7,000ದ ಮೇಲೆ ಎರಡು ತಿಂಗಳ ಬಡ್ಡಿ 280. ತಂದ ಹಣದಲ್ಲಿ ಮೊದಲು ಅದು ಹೋಗಬೇಕು. ಉಳಿದ 860 ಅಸಲಿಗೆ. ಹೊಸ ಬಾಕಿ 6,140. ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ 7,140 ಮಾಡಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವವರೂ ಇದ್ದಾರೆ. ಅದು ಬಡ್ಡಿಯ ಮೇಲೆ ಬಡ್ಡಿ. ಸಂಘದ ಠರಾವಿನಲ್ಲಿ ಹಾಗೆಂದು ಇಲ್ಲದಿದ್ದರೆ ಹಾಗೆ ಮಾಡುವ ಹಕ್ಕು ಪುಸ್ತಕ ಬರೆಯುವವರಿಗಿಲ್ಲ. ಆದ್ದರಿಂದ ಬಾಕಿ ಬಡ್ಡಿಗೆ ಪ್ರತ್ಯೇಕ ಕಾಲಂ ಇರಲೇಬೇಕು. ಸಭೆಗೆ ಮೊದಲೇ ಮುದ್ರಿಸಿ ಒಯ್ಯುವ ವಸೂಲಿ ಹಾಳೆಯಲ್ಲಿ B ಬಾಕಿ ಅಸಲು, C ಹಳೆಯ ಬಡ್ಡಿ ಬಾಕಿ, D ಈ ತಿಂಗಳ ಬಡ್ಡಿ, E ತಂದ ಹಣ, F ಬಡ್ಡಿಗೆ ಹೋದದ್ದು, G ಅಸಲಿಗೆ ಹೋದದ್ದು, H ಮುಂದಕ್ಕೆ ಹೋಗುವ ಬಡ್ಡಿ ಬಾಕಿ:

```
D2: =ROUND(B2*0.02;0)
F2: =MIN(E2;C2+D2)
G2: =E2-F2
H2: =C2+D2-F2
```

ಸದಸ್ಯೆ ನೂರೇ ರೂಪಾಯಿ ತಂದರೂ ಇದು ಸರಿಯಾಗಿ ಹಂಚುತ್ತದೆ: ನೂರೂ ಬಡ್ಡಿಗೆ, ಅಸಲಿಗೆ ಸೊನ್ನೆ, 180 ಮುಂದಕ್ಕೆ. ROUND ಅನ್ನು ಬಿಡಬೇಡಿ. ಮುಂದಿನ ತಿಂಗಳು 6,140ಕ್ಕೆ ಬಡ್ಡಿ 122.80. ದಶಾಂಶ ಕಾಣದಂತೆ ಫಾರ್ಮ್ಯಾಟ್ ಮಾಡಿದರೆ ಕಣ್ಣಿಗೆ 123 ಕಾಣುತ್ತದೆ, ಒಳಗೆ 122.80 ಇರುತ್ತದೆ. ಕೈಗೆ ಬಂದದ್ದು 123. ವರ್ಷದ ಕೊನೆಗೆ ಬಡ್ಡಿ ಮೊತ್ತ ಕೆಲವು ರೂಪಾಯಿ ಹೆಚ್ಚು ಕಡಿಮೆ ಬಂದು ಎಲ್ಲಿ ಹೋಯಿತೆಂದು ಹುಡುಕುವಂತಾಗುತ್ತದೆ. (ಇದೇ ಸಾಲಕ್ಕೆ ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ, ಕಂತು ತಪ್ಪದಿದ್ದರೆ, ಹತ್ತು ತಿಂಗಳಿಗೆ ಒಟ್ಟು 1,100, ಮೂಲ ಸಾಲದ ಮೇಲೆಯೇ ಹಾಕುತ್ತಾ ಹೋದರೆ 2,000. ಯಾವುದೆಂದು ನಡಾವಳಿ ಪುಸ್ತಕದಲ್ಲಿ ಬರೆದಿರದ ಸಂಘಗಳು ಕಡಿಮೆಯೇನಿಲ್ಲ. ಸೂತ್ರ ಹಾಕುವ ಮೊದಲು ಆ ಠರಾವು ಮಾಡಿಸಿ.)

ತಾಳೆ ನೋಡುವ ವಿಷಯದಲ್ಲಿ ಕ್ಯಾಲ್ಕ್ ಒಂದು ಸುಳ್ಳು ಧೈರ್ಯ ಕೊಡುತ್ತದೆ. ಒಂದು ಸಂಘದ ಆಸ್ತಿ ಕಡೆ ನಗದು 1,250, ಬ್ಯಾಂಕಿನಲ್ಲಿ 18,600, ಸದಸ್ಯೆಯರಿಂದ ಬರಬೇಕಾದ ಸಾಲ 1,45,600 ಎಂದಿಟ್ಟುಕೊಳ್ಳಿ, ಒಟ್ಟು 1,65,450. ಇನ್ನೊಂದು ಕಡೆ ಉಳಿತಾಯ 72,000, ಬ್ಯಾಂಕಿಗೆ ಕೊಡಬೇಕಾದ್ದು 80,000, ಕೂಡಿಬಂದ ಲಾಭ 13,450; ಅದೂ 1,65,450. ಉಳಿತಾಯ ಸಂಘದ ಆದಾಯವಲ್ಲ, ಸದಸ್ಯೆಯರಿಗೆ ಕೊಡಬೇಕಾದ ಹಣ. ಅದು ಲಾಭದ ಜೊತೆ ಬೆರೆತರೆ ಮುಂದಿನದೆಲ್ಲ ಕೆಡುತ್ತದೆ. ಆದರೆ ಈ ಎರಡೂ ಮೊತ್ತಗಳು ಹುಟ್ಟಿದ್ದು ಅದೇ Entry ಹಾಳೆಯ ಸಾಲುಗಳಿಂದ. ಬಾಬ್ತು ಪಟ್ಟಿಯಲ್ಲಿದ್ದರೆ ಸಾಕು, ಎರಡೂ ಕಡೆ ಸಮ ಬಂದೇ ಬರುತ್ತದೆ. ಒಬ್ಬರ ಉಳಿತಾಯವನ್ನು ಇನ್ನೊಬ್ಬರ ಸಂಖ್ಯೆಗೆ ಹಾಕಿದ್ದರೂ, 200 ಉಳಿತಾಯವನ್ನು ಬಡ್ಡಿ ಎಂದು ಬರೆದಿದ್ದರೂ ಸಮವೇ. ನಿಜವಾದ ಪರೀಕ್ಷೆ ಹಾಳೆಯ ಹೊರಗಿದೆ: ಪೆಟ್ಟಿಗೆಯಲ್ಲಿ ಎಣಿಸಿದ ನಗದು, ಮುದ್ರಿಸಿಕೊಂಡ ಬ್ಯಾಂಕ್ ಪಾಸ್‌ಬುಕ್, ಸದಸ್ಯೆಯರ ಕೈಯಲ್ಲಿರುವ ಪಾಸ್‌ಬುಕ್. ಈ ಮೂರರ ಅಂಕಿಗಳನ್ನು ಸೂತ್ರದಿಂದಲ್ಲ, ಕೈಯಿಂದ ಟೈಪ್ ಮಾಡಿ ಪಕ್ಕದಲ್ಲಿ ವ್ಯತ್ಯಾಸ ತೋರಿಸುವ ಕಾಲಂ ಇಡಿ. ವ್ಯತ್ಯಾಸ 9ರಿಂದ ಭಾಗವಾದರೆ, ಉದಾಹರಣೆಗೆ 450 ಬಂದರೆ, ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 1,270 ಎಂಬುದು 1,720 ಆಗಿರಬಹುದು. ಬ್ಯಾಂಕಿನಿಂದ ತೆಗೆದು ಪೆಟ್ಟಿಗೆಗೆ ಹಾಕಿದ ಹಣಕ್ಕೆ ಎರಡು ಸಾಲು ಬೇಕು, ಬ್ಯಾಂಕಿನಲ್ಲಿ ಖರ್ಚು ಮತ್ತು ನಗದಿನಲ್ಲಿ ಜಮೆ. ಒಂದನ್ನು ಮರೆತರೆ ಅಷ್ಟೇ ಮೊತ್ತ ವ್ಯತ್ಯಾಸದಲ್ಲಿ ನಿಲ್ಲುತ್ತದೆ.

ತಂತ್ರಾಂಶದ ಕಡೆಯಿಂದ ಬರುವ ಕಾಟ ಎರಡು. ಮೊದಲನೆಯದು ದಿನಾಂಕ. ಲೊಕೇಲ್, ಅಂದರೆ ಯಾವ ದೇಶದ ರೂಢಿಯಂತೆ ಓದಬೇಕೆಂಬ ಸೆಟ್ಟಿಂಗ್, ಅಮೆರಿಕದ್ದಾಗಿದ್ದರೆ 05/06 ಎಂದು ಟೈಪ್ ಮಾಡಿದ ಜೂನ್ 5 ಅನ್ನು ಅದು ಮೇ 6 ಎಂದು ಓದುತ್ತದೆ; 13/06/2024 ಎಂಬುದು ದಿನಾಂಕವೇ ಅಲ್ಲವೆಂದು ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ, ತಿಂಗಳ ಮೊತ್ತಕ್ಕೆ ಸೇರಿಸುವುದಿಲ್ಲ. ಅಂಥದ್ದು ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ. ಸರಿಯಾದ ದಿನಾಂಕ ಬಲಕ್ಕಿರುತ್ತದೆ. ಲೊಕೇಲನ್ನು ಭಾರತಕ್ಕೆ ಬದಲಿಸಿದ ಮೇಲೆ ಹೊಸ ಸಾಲುಗಳು ಸರಿಹೋಗುತ್ತವೆ, ಹಳೆಯವನ್ನು ಮತ್ತೆ ಟೈಪ್ ಮಾಡಲೇಬೇಕು. ಎರಡನೆಯದು ಸೂತ್ರದಲ್ಲಿರುವ 3000ದ ಮಿತಿ. ವಾರದ ಸಭೆಯ ಸಂಘದಲ್ಲಿ 15 ಜನರ ಉಳಿತಾಯವೇ ವರ್ಷಕ್ಕೆ 780 ಸಾಲು. ಅಸಲು, ಬಡ್ಡಿ ಸೇರಿದರೆ ಎರಡು ವರ್ಷದೊಳಗೆ 3000 ದಾಟಬಹುದು, ದಾಟಿದ ಸಾಲುಗಳು ಸದ್ದಿಲ್ಲದೆ ಲೆಕ್ಕದಿಂದ ಹೊರಗುಳಿಯುತ್ತವೆ. ಪ್ರತಿ ಏಪ್ರಿಲ್ 1ಕ್ಕೆ ಹೊಸ ಫೈಲ್ ತೆರೆದು ಆರಂಭದ ಶಿಲ್ಕು ಬರೆಯುವುದು ಒಳ್ಳೆಯದು. ಹಳೆಯ ಸಾಲಗಳ ಬಾಕಿಯನ್ನು ಮಾತ್ರ ಖರ್ಚಿನ ಕಾಲಂಗೆ ಹಾಕಬೇಡಿ; ಆ ದಿನ ಹಣ ಹೊರಗೆ ಹೋಗಿಲ್ಲ. ಅದಕ್ಕೆ ಸದಸ್ಯೆಯರ ಹಾಳೆಯಲ್ಲೇ ಆರಂಭ ಬಾಕಿಯ ಕಾಲಂ ಇರಲಿ.

ಕ್ಯಾಲ್ಕ್ ತನ್ನ ಬೆಲೆಯನ್ನು ತೋರಿಸುವುದು ಲಾಭ ಹಂಚುವಾಗ. ಕೈಪುಸ್ತಕದಲ್ಲಿ ಬೇಸರಪಟ್ಟು ಎಲ್ಲರೂ ಸಮ ಹಂಚುತ್ತಾರೆ, ಇಲ್ಲವೇ ವರ್ಷದ ಕೊನೆಯ ಉಳಿತಾಯ ನೋಡಿ ಹಂಚುತ್ತಾರೆ. ಒಬ್ಬರು ತಿಂಗಳಿಗೆ 200ರಂತೆ ಹನ್ನೆರಡು ತಿಂಗಳು ಕಟ್ಟಿ 2,400 ಮಾಡಿದ್ದಾರೆ. ಇನ್ನೊಬ್ಬರು ಏಳನೇ ತಿಂಗಳು ಸೇರಿ 200ರಂತೆ ಕಟ್ಟಿ, ಹನ್ನೆರಡನೇ ತಿಂಗಳು ಹಿಂದಿನ ಬಾಬ್ತು 1,200 ಒಟ್ಟಿಗೆ ತಂದು 2,400 ಮಾಡಿದ್ದಾರೆ. ಕೊನೆಯ ಮೊತ್ತ ಸಮ, ಆದರೆ ಸಂಘ ಸಾಲ ಕೊಟ್ಟು ಬಡ್ಡಿ ಗಳಿಸಿದ್ದು ಹೆಚ್ಚಾಗಿ ಮೊದಲನೆಯವರ ಹಣದಿಂದ. ಪ್ರತಿ ತಿಂಗಳ ಕೊನೆಯ ಉಳಿತಾಯವನ್ನು ಕೂಡುತ್ತಾ ಹೋದರೆ ಮೊದಲನೆಯವರದು 15,600, ಎರಡನೆಯವರದು 5,400. ಇಬ್ಬರ ಪಾಲಿಗೆ 2,100 ಬಂದಿದ್ದರೆ ಸಮ ಹಂಚಿಕೆಯಲ್ಲಿ ತಲಾ 1,050. ಈ ಲೆಕ್ಕದಲ್ಲಿ 1,560 ಮತ್ತು 540. ಹಾಳೆಯಲ್ಲಿ ಇದು ಹನ್ನೆರಡು ಕಾಲಂಗಳ ಕೆಲಸ. ಸಭೆಯಲ್ಲಿ ಓದಿ ಹೇಳಿದಾಗ ಯಾರೂ ಜಗಳ ತೆಗೆಯುವುದಿಲ್ಲ, ಏಕೆಂದರೆ ತಿಂಗಳು ತಿಂಗಳಿನ ಅಂಕಿ ಅವರವರ ಪಾಸ್‌ಬುಕ್‌ನಲ್ಲೇ ಇರುತ್ತದೆ. ಒಂದು ಎಚ್ಚರ: ಬಾಕಿ ಇರುವ ಬಡ್ಡಿ ಇನ್ನೂ ಬಂದ ಹಣವಲ್ಲ. H ಕಾಲಂನ ಮೊತ್ತವನ್ನು ಲಾಭಕ್ಕೆ ಸೇರಿಸಿ ಹಂಚಿದರೆ ಅಷ್ಟು ಹಣ ಉಳಿತಾಯದಿಂದಲೇ ಹೊರಗೆ ಹೋಗುತ್ತದೆ.

ಕಾಗದದ ಪುಸ್ತಕವನ್ನು ಇದು ಬದಲಿಸುವುದಿಲ್ಲ. ನಡಾವಳಿ, ಹಾಜರಿ, ಸಹಿ ಬೀಳುವ ನಗದು ಪುಸ್ತಕ ಹಾಗೇ ಇರಬೇಕು. ಕೋಶದಲ್ಲಿ ಹಳೆಯ ಅಂಕಿ ಬದಲಿಸಿದರೆ ತನ್ನಿಂದ ತಾನೇ ಗುರುತು ಉಳಿಯುವುದಿಲ್ಲ. ಸಭೆ ಮುಗಿದ ಕೂಡಲೇ ಆ ದಿನದ ಸಾಲುಗಳನ್ನು ಮುದ್ರಿಸಿ ಪ್ರತಿನಿಧಿಗಳ ಸಹಿ ಹಾಕಿಸಿ ಪುಸ್ತಕಕ್ಕೆ ಅಂಟಿಸುವುದು ನಮಗೆ ಕಂಡ ಅತಿ ಭದ್ರ ದಾರಿ. ಇಪ್ಪತ್ತು ಜನರ ಸಂಘಕ್ಕೆ ಐದಕ್ಕೆ ನಾಲ್ಕು ಅಂಕ. ಪತ್ತಿನ ಸಹಕಾರ ಸಂಘಕ್ಕೆ ಎರಡೂ ಕೊಡಲಾಗದು: ಅಲ್ಲಿ ಷೇರು, ಪಿಗ್ಮಿ, ಠೇವಣಿ, ದಿನದ ಬಡ್ಡಿ, ಒಂದೇ ಹೊತ್ತಿಗೆ ಇಬ್ಬರು ಮೂವರು ಗುಮಾಸ್ತರು, ವರ್ಷಕ್ಕೊಮ್ಮೆ ಕಾನೂನಿನ ಪ್ರಕಾರ ಲೆಕ್ಕಪರಿಶೋಧನೆ. ಅಷ್ಟು ಭಾರವನ್ನು ಒಂದು ಹಾಳೆಯ ಮೇಲೆ ಹೊರಿಸಬೇಡಿ.