ಕ್ಯಾಬಿನ್ ಸೂಟ್‌ಕೇಸ್ ಕೊಳ್ಳುವವರೇ, ಆ 55 ಸೆಂ.ಮೀ ಎಲ್ಲಿಂದ ಎಲ್ಲಿಗೆ ಎಂದು ಮೊದಲು ಕೇಳಿ

ಕಳೆದ ತಿಂಗಳು ಮಂಗಳೂರಿನಿಂದ ಮುಂಬೈಗೆ ಮದುವೆಗೆ ಹೊರಟಿದ್ದೆವು. ವಿಮಾನ ಹತ್ತುವ ಬಾಗಿಲ ಬಳಿ ಸಿಬ್ಬಂದಿ ನನ್ನ ಹೊಸ ಸೂಟ್‌ಕೇಸನ್ನು ಅಳತೆಯ ಚೌಕಟ್ಟಿನೊಳಗೆ ಇಡಲು ಹೇಳಿದರು. ಅದು ಒಳಗೆ ಇಳಿಯಲೇ ಇಲ್ಲ. ಹಣ ಕಟ್ಟಿ ಸರಕಿನ ಜೊತೆ ಕಳುಹಿಸಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು: ಪವರ್ ಬ್ಯಾಂಕ್ ಆ ಪೆಟ್ಟಿಗೆಯೊಳಗಿತ್ತು. ಸರಕಿನಲ್ಲಿ ಪವರ್ ಬ್ಯಾಂಕ್ ಕಳುಹಿಸುವಂತಿಲ್ಲ. ಸಾಲಿನಲ್ಲಿ ನಿಂತವರ ಕಣ್ಣೆದುರೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಅಮ್ಮ ಮಡಿಸಿಟ್ಟಿದ್ದ ರೇಷ್ಮೆ ಸೀರೆಗಳನ್ನು ಒಂದೊಂದಾಗಿ ತೆಗೆದು ಹುಡುಕಿದೆ. ಅಮ್ಮ ಏನೂ ಹೇಳಲಿಲ್ಲ, ಸೀರೆಗಳನ್ನು ಎದೆಗೊತ್ತಿಕೊಂಡು ನಿಂತಿದ್ದರು. ನನಗೆ ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ನಾನು ನೋಡದೆ ಕೊಂಡವನಲ್ಲ. ಆನ್‌ಲೈನ್ ಪುಟದಲ್ಲಿ ಎಲ್ಲವೂ ಇತ್ತು: ಎತ್ತರ 55, ಅಗಲ 36, ದಪ್ಪ 23 ಸೆಂ.ಮೀ, 42 ಲೀಟರ್, ಎಂಟು ಚಕ್ರ, ಟಿಎಸ್‌ಎ ಬೀಗ, ಕ್ಯಾಬಿನ್‌ಗೆ ಸೂಕ್ತ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಅಳತೆ 55, 35, 25. ಮೂರನ್ನೂ ಕೂಡಿದರೆ 115 ಸೆಂ.ಮೀ. ನನ್ನದು ಕೂಡಿದರೆ 114. ಅಗಲ ಒಂದು ಸೆಂ.ಮೀ ಹೆಚ್ಚಿದ್ದರೂ ಮೊತ್ತ ಸರಿಯಿದೆ ಎಂದು ನಂಬಿ ಕೊಂಡೆ.

ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಒಂದು ಗಟ್ಟಿ ಪುಸ್ತಕ ಇಟ್ಟು, ಅದರ ಅಡಿ ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿ ಅಳೆದೆ. ನೆಲದಿಂದ 59 ಸೆಂ.ಮೀ. ಪಕ್ಕದ ಹಿಡಿಕೆ ಸೇರಿ ಅಗಲ 37, ಮುಂದಿನ ಉಬ್ಬು ಸೇರಿ ದಪ್ಪ 25. ಒಟ್ಟು 121. ಪುಟದಲ್ಲಿದ್ದ 55 ಬರಿಯ ಪೆಟ್ಟಿಗೆಯ ಎತ್ತರ. ಚಕ್ರ, ಮೇಲಿನ ಹಿಡಿಕೆ ಎರಡನ್ನೂ ಬಿಟ್ಟು ಅಳೆದಿದ್ದರು. ವಿಮಾನದವರು ಎಲ್ಲವನ್ನೂ ಸೇರಿಸಿಯೇ ಅಳೆಯುತ್ತಾರೆ.

ಇದನ್ನು ಕೊಳ್ಳುವ ಮೊದಲೇ ಕಂಡುಹಿಡಿಯಬಹುದಿತ್ತು, ಅದಕ್ಕೆ ಬೇಕಾದ ಸುಳಿವು ಅದೇ ಪುಟದ ಲೀಟರ್ ಲೆಕ್ಕದಲ್ಲಿತ್ತು. ಸೆಂ.ಮೀಗಳಲ್ಲಿ ಮೂರು ಅಳತೆಗಳನ್ನು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 55ರಲ್ಲಿ ಚಕ್ರವೂ ಸೇರಿದೆ ಎಂದುಕೊಳ್ಳಿ. ಚಕ್ರ, ಹಿಡಿಕೆಗೆ ಐದು ಸೆಂ.ಮೀ ಕಳೆದರೆ ಪೆಟ್ಟಿಗೆ 50 ಆಯಿತು. 50, 36, 23 ಗುಣಿಸಿದರೆ ಸುಮಾರು 41 ಲೀಟರ್. ಅದು ಹೊರಗಿನ ಅಳತೆ. ಒಳಗೆ ಎಳೆಯುವ ಹಿಡಿಯ ಕೊಳವೆಗಳು, ಬಟ್ಟೆಯ ಒಳಪದರ, ದುಂಡನೆಯ ಮೂಲೆಗಳು ಜಾಗ ತಿನ್ನುತ್ತವೆ. ಹೊರಗೇ 41 ಇರುವ ಪೆಟ್ಟಿಗೆಯ ಒಳಗೆ 42 ಲೀಟರ್ ಹಿಡಿಯುವುದು ಹೇಗೆ? ಒಂದೋ ಚಕ್ರ ಬಿಟ್ಟು ಎತ್ತರ ಬರೆದಿದ್ದಾರೆ, ಇಲ್ಲವೇ ದಪ್ಪ ಹೆಚ್ಚಿಸುವ ಜಿಪ್ ಬಿಚ್ಚಿ ಲೀಟರ್ ಲೆಕ್ಕ ಹಾಕಿದ್ದಾರೆ. ಎರಡರಲ್ಲಿ ಯಾವುದಾದರೂ ನಿಮ್ಮನ್ನು ಬಾಗಿಲ ಬಳಿ ನಿಲ್ಲಿಸುತ್ತದೆ.

ಎಂಟು ಚಕ್ರ ಎಂದರೆ ನಾಲ್ಕು ಮೂಲೆಗಳಲ್ಲಿ ಜೋಡಿ ಚಕ್ರಗಳು, ಎತ್ತ ತಿರುಗಿಸಿದರೂ ಉರುಳುತ್ತವೆ. ಅವು ಪೆಟ್ಟಿಗೆಯ ಕೆಳಗೆ ಹೊರಗೆ ನಿಂತಿರುತ್ತವೆ, ಆದ್ದರಿಂದ ಎತ್ತರ ಕೂಡುತ್ತದೆ. ಎರಡೇ ಚಕ್ರದ ಪೆಟ್ಟಿಗೆಗಳಲ್ಲಿ ಅವು ಸಾಮಾನ್ಯವಾಗಿ ಮೂಲೆಯೊಳಗೆ ಹುದುಗಿರುವುದರಿಂದ ಅಷ್ಟೇ ಎತ್ತರದಲ್ಲಿ ಒಳಗಿನ ಜಾಗ ಹೆಚ್ಚು ಸಿಗುತ್ತದೆ.

ಟಿಎಸ್‌ಎ ಬೀಗವನ್ನು ನಾನು ವಿಮಾನದವರು ಒಪ್ಪಿದ ಗುರುತು ಎಂದು ತಿಳಿದಿದ್ದೆ. ಹಾಗಲ್ಲ. ಅದು ಅಮೆರಿಕದ ಭದ್ರತಾ ಸಂಸ್ಥೆಯ ತಪಾಸಣೆದಾರರು ಬೀಗ ಒಡೆಯದೆ ತಮ್ಮ ಕೀಲಿಯಿಂದ ತೆರೆಯಲು ಮಾಡಿದ ಬೀಗ. ಅದರ ಸಣ್ಣ ಕೀಲಿಕಂಡಿಗೆ ನಮಗೆ ಕೀಲಿ ಕೊಡುವುದಿಲ್ಲ. ಪೆಟ್ಟಿಗೆಯ ಗಾತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಮರಳಿಸಲು ಕೇಳಿದಾಗ ಮಾರಾಟಗಾರರು, ಬಳಸಿದ ವಸ್ತು, ಅಲ್ಲದೆ ಪುಟದ ಕೊನೆಯಲ್ಲಿ ‘ಚಕ್ರ ಹೊರತುಪಡಿಸಿ’ ಎಂದು ಬರೆದಿದೆ ಎಂದರು. ಬರೆದಿತ್ತು ನಿಜ, ಬಣ್ಣಗಳ ಪಟ್ಟಿಯ ಕೆಳಗೆ, ಮೊಬೈಲಿನಲ್ಲಿ ಮತ್ತಷ್ಟು ಓದಿ ಎಂದು ಒತ್ತಿದರೆ ಮಾತ್ರ ಕಾಣುವಂತೆ. ದೊಡ್ಡ ಅಕ್ಷರದಲ್ಲಿ ಕ್ಯಾಬಿನ್‌ಗೆ ಸೂಕ್ತ ಎಂದು ಹಾಕಿದವರು ಇದನ್ನು ಅಷ್ಟು ಆಳದಲ್ಲಿ ಇಡುವುದು ಅನ್ಯಾಯ.

ದಯವಿಟ್ಟು ಪಾರ್ಸೆಲ್ ಬಂದ ದಿನವೇ, ಚೀಟಿ ಕೀಳುವ ಮೊದಲೇ, ಗೋಡೆ, ಪುಸ್ತಕ, ಟೇಪು ಹಿಡಿದು ಅಳೆಯಿರಿ. ಖಾಲಿ ಪೆಟ್ಟಿಗೆಯನ್ನು ತೂಗಿಯೂ ನೋಡಿ. ನನ್ನದು ಮೂರು ಕಿಲೋಗಿಂತ ಹೆಚ್ಚಿತ್ತು. ಏಳು ಕಿಲೋ ಮಿತಿಯಲ್ಲಿ ಬಟ್ಟೆಗೆ ಉಳಿದದ್ದು ನಾಲ್ಕು ಕಿಲೋಗೂ ಕಡಿಮೆ. ಈಗ ಅಂಗಡಿಗೆ ಟೇಪು ತೆಗೆದುಕೊಂಡು ಹೋಗಿ ಬೇರೊಂದು ತಂದಿದ್ದೇನೆ: ಚಕ್ರ, ಹಿಡಿಕೆ ಸೇರಿ 54, ಅಗಲ 35, ದಪ್ಪ 22, ಹಿಡಿಯುವುದು 33 ಲೀಟರ್. ಪವರ್ ಬ್ಯಾಂಕನ್ನು ಹೆಗಲ ಚೀಲದಲ್ಲಿ ಇಡುತ್ತೇನೆ.