ತಿದ್ದಲು ಕೊಟ್ಟ ಲೇಖನದಲ್ಲಿ ನಡೆಯದ ಘಟನೆ ಸೇರಿದರೆ

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಗುಂಪೊಂದರ ಸ್ಮರಣ ಸಂಚಿಕೆಗಾಗಿ ನಾನು ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ ಹತೋಟಿಯ ಬಗ್ಗೆ ಒಂದು ಲೇಖನ ಬರೆದಿದ್ದೆ. ಸಮಿತಿಯವರು ಅದನ್ನು ಭಾಷೆ ತಿದ್ದಲೆಂದು ಚಿಕ್ಕಬಳ್ಳಾಪುರದ ಒಬ್ಬರಿಗೆ ಒಪ್ಪಿಸಿದರು. ತಿದ್ದಿದ ಪ್ರತಿ ನನ್ನ ಕೈಗೆ ಬರದೆ ನೇರವಾಗಿ ಅಚ್ಚಿಗೆ ಹೋಯಿತು. ಸಂಚಿಕೆ ಹಂಚಿದ ಮೇಲೆ ನಮ್ಮೂರಿನ ಹಿರಿಯರೊಬ್ಬರು ನನ್ನನ್ನು ತಡೆದು, "ಏನಪ್ಪಾ, ಜ್ವರದಲ್ಲಿರೋ ಹುಳಕ್ಕೆ ನಿಮ್ಮಮ್ಮ ಸೊಪ್ಪು ಹಾಕ್ತಾರಾ?" ಎಂದು ಕೇಳಿದಾಗಲೇ ನನ್ನ ಹೆಸರಿನಲ್ಲಿ ಏನು ಅಚ್ಚಾಗಿದೆ ಎಂಬುದು ನನಗೆ ತಿಳಿದದ್ದು. ಹುಳು ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಎನ್ನುತ್ತೇವೆ.

ನಾನು ಬರೆದದ್ದು ಇಷ್ಟೇ: "ನಾಲ್ಕನೇ ಜ್ವರ ಕಳೆದ ಮೇಲೆ ಊಜಿ ಕಾಟ ಜಾಸ್ತಿ. ಬಾಗಿಲು ತೆಗೆದಿದ್ದರೆ ನೊಣ ಒಳಗೆ ಬರುತ್ತದೆ. ಬಲೆ ಕಟ್ಟಬೇಕು." ಇದನ್ನು ಅವರು "ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಊಜಿಯ ಕಾಟ ಹೆಚ್ಚು, ಬಲೆಯಿಲ್ಲದ ಬಾಗಿಲೇ ಅದಕ್ಕೆ ದಾರಿ" ಎಂದು ತಿದ್ದಿದ್ದರು. ಇದು ಒಳ್ಳೆಯ ತಿದ್ದುಪಡಿ. ನನ್ನ ಮೂರು ಮೊಂಡು ವಾಕ್ಯಗಳಿಗಿಂತ ಚೆನ್ನಾಗಿಯೇ ಇದೆ. ಆದರೆ ಅದರ ಕೆಳಗೆ ಹೊಸದೊಂದು ಪ್ಯಾರಾ ಇತ್ತು: "ನಾಲ್ಕನೇ ಜ್ವರದ ಆ ರಾತ್ರಿ ಸೊಪ್ಪು ಹಾಕಿ ಬಂದ ನನ್ನ ತಾಯಿ ಬಾಗಿಲು ಮುಚ್ಚುವುದನ್ನು ಮರೆತರು. ಆ ಸಲದ ಬೆಳೆ ಪೂರ್ತಿ ಊಜಿಯ ಪಾಲಾಯಿತು. ಬಲೆ ಕಟ್ಟಿದ ಮರುಬೆಳೆಯಲ್ಲೇ ನೂರು ಚಿಟ್ಟೆಗಳ ಮೊಟ್ಟೆಗೆ ಎಂಬತ್ತು ಕಿಲೋ ಗೂಡು ಬಂತು."

ಇದರಲ್ಲಿ ಒಂದು ಮಾತೂ ನಡೆದದ್ದಲ್ಲ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲ್ಲಾಡದೆ ಇರುತ್ತದೆ, ತಿನ್ನುವುದಿಲ್ಲ. ಆ ಹೊತ್ತಿನಲ್ಲಿ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತೇವೆ. ಹುಳುಗಳೆಲ್ಲ ಹೆಚ್ಚುಕಡಿಮೆ ಪೊರೆ ಬಿಟ್ಟು ಎದ್ದ ಮೇಲೆಯೇ ಮತ್ತೆ ಸೊಪ್ಪು. ಹುಳು ಸಾಕಿಯೇ ಬದುಕಿದ ಅಮ್ಮನ ಹೆಸರಿನಲ್ಲಿ ಈ ತಪ್ಪು ಅಚ್ಚಾಯಿತು; ಅದರ ಜೊತೆಗೆ ಬೆಳೆ ಹಾಳು ಮಾಡಿದ ಅಪವಾದವೂ ಅವರ ತಲೆಗೆ ಬಂತು.

ಫೋನ್ ಮಾಡಿ ಕೇಳಿದಾಗ ತಿದ್ದಿದವರು ಸಮಾಧಾನವಾಗಿಯೇ ಉತ್ತರಿಸಿದರು: "ಬರೀ ಸಲಹೆ ಕೊಟ್ರೆ ಯಾರು ಓದ್ತಾರೆ ಸಾರ್? ಮನಸ್ಸಿಗೆ ತಟ್ಟಲಿ ಅಂತ ಸೇರಿಸಿದೆ. ಬಾಗಿಲು ಮರೆಯೋದು ಎಲ್ಲರ ಮನೇಲೂ ಆಗತ್ತಲ್ಲ." ಈ ಕೊನೆಯ ವಾಕ್ಯ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಮೋಸವೂ ಅಲ್ಲಿಯೇ ಇದೆ. ಎಲ್ಲರ ಮನೆಯಲ್ಲೂ ಆಗುವಂಥದ್ದಾದರೆ "ಬಾಗಿಲು ಮುಚ್ಚುವುದನ್ನು ಮರೆತರೆ ಬೆಳೆಗೆ ಪೆಟ್ಟು ಬೀಳಬಹುದು" ಎಂದು ಬರೆಯಬಹುದಿತ್ತು. ಅಥವಾ "ಒಬ್ಬ ಬೆಳೆಗಾರ ಬಾಗಿಲು ಮರೆತ ಎಂದಿಟ್ಟುಕೊಳ್ಳಿ" ಎಂದು ಊಹೆಯನ್ನು ಊಹೆಯಾಗಿಯೇ ಮುಂದಿಡಬಹುದಿತ್ತು. ಎರಡರಲ್ಲೂ ಸುಳ್ಳಿಲ್ಲ. "ನನ್ನ ತಾಯಿ", "ಆ ರಾತ್ರಿ" ಎಂದ ಕೂಡಲೇ ಅದು ಉದಾಹರಣೆಯಾಗಿ ಉಳಿಯದೆ ಸಾಕ್ಷಿಯಾಗುತ್ತದೆ, ಓದುಗನೂ ಅದನ್ನು ಹಾಗೆಯೇ ನಂಬುತ್ತಾನೆ.

ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟದ್ದು ಎಂಬತ್ತು ಕಿಲೋದ ಮಾತು. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಗೆ ಕೊರೆದು ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಹುಳು ಬೆಳೆದು ಹಣ್ಣಾಗುವ ಹೊತ್ತಿಗೆ ಊಜಿ ತಗುಲಿದರೆ ಅದು ಗೂಡು ಕಟ್ಟಿದರೂ ಮರಿ ಅದನ್ನು ತೂತು ಮಾಡಿಕೊಂಡು ಹೊರಬರುವುದರಿಂದ ಆ ಗೂಡಿನಲ್ಲಿ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಬಲೆ ಈ ನಷ್ಟವನ್ನು ತಗ್ಗಿಸುತ್ತದೆ, ಅಷ್ಟೇ. ಸೊಪ್ಪಿನ ಗುಣ, ಮನೆಯ ಶಾಖ, ಬೇರೆ ರೋಗಗಳನ್ನೆಲ್ಲ ಬಿಟ್ಟು ಬಲೆಯೊಂದರಿಂದಲೇ ಇಂತಿಷ್ಟು ಇಳುವರಿ ಬಂತೆಂದು ಅನುಭವದ ರೂಪದಲ್ಲಿ ಹೇಳಿದರೆ, ಓದಿದವನು ಅದನ್ನು ನಂಬಿ ದುಡ್ಡು ಹಾಕುತ್ತಾನೆ. ನನ್ನನ್ನು ಒಬ್ಬರು ಯಾವ ಬಲೆ, ಎಲ್ಲಿ ಕೊಂಡಿರಿ ಎಂದು ಕೇಳಿಯೂ ಬಿಟ್ಟರು.

ನಡುವೆ ಅನುಮಾನದ ಜಾಗವೂ ಇದೆ. "ನಷ್ಟವಾಯಿತು" ಎಂದು ನಾನು ಬರೆದಿದ್ದ ಇನ್ನೊಂದು ಕಡೆ "ಕಂಗಾಲಾದೆವು" ಎಂದಾಗಿತ್ತು. ಘಟನೆ ನಡೆದದ್ದೇ, ತೀವ್ರತೆ ಮಾತ್ರ ಹಿಗ್ಗಿದೆ. ಇಂಥದ್ದನ್ನು ತಿದ್ದಿದವರು ಲೇಖಕರನ್ನು ಕೇಳಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಹೊಸ ವ್ಯಕ್ತಿ, ಹೊಸ ಹೊತ್ತು, ಹೊಸ ಅಂಕಿ, ಯಾರೋ ಆಡಿದ ಮಾತು ಬಂದರೆ ಮಾತ್ರ ಅದಕ್ಕೆ ಭಾಷೆಯ ತಿದ್ದುಪಡಿ ಎಂಬ ಹೆಸರು ಒಪ್ಪುವುದಿಲ್ಲ, ಎಷ್ಟೇ ಚೆಂದವಾಗಿ ಬರೆದಿದ್ದರೂ.

ಆದ್ದರಿಂದ ಲೇಖನ ಕೊಡುವವರು, ತಿದ್ದಿದ ಪ್ರತಿಯನ್ನು ತೋರಿಸದೆ ಅಚ್ಚು ಮಾಡಬಾರದೆಂದು ಮೊದಲೇ ಬರೆದು ಕೊಡಿ. ಪ್ರತಿ ಬಂದಾಗ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ತಾಯಿ, ಅಣ್ಣ ಎಂಬಂಥ ಸಂಬಂಧದ ಪದ, ದಿನ, ಅಂಕಿ, ಉದ್ಧರಣೆಗಳಿಗೆ ಗೆರೆ ಎಳೆಯಿರಿ. ಮೂಲದಲ್ಲಿಲ್ಲದ ಒಂದೊಂದಕ್ಕೂ ಅದು ಎಲ್ಲಿಂದ ಬಂತೆಂದು ಕೇಳಿ. ತಿದ್ದುವವರಿಗೆ ಒಂದು ಅನುಭವ ಬೇಕೆನಿಸಿದರೆ ಆ ಜಾಗವನ್ನು ಖಾಲಿ ಬಿಟ್ಟು, "ಇಲ್ಲಿ ನಿಮ್ಮ ಮನೆಯಲ್ಲಿ ನಡೆದದ್ದೇನಾದರೂ ಇದೆಯೇ?" ಎಂದು ಅಂಚಿನಲ್ಲಿ ಬರೆಯಲಿ. ನನ್ನನ್ನು ಕೇಳಿದ್ದರೆ, ಊಜಿಯ ಕಲೆ ಬಿದ್ದ ಹುಳುಗಳನ್ನು ಅಮ್ಮ ಗೂಡು ಕಟ್ಟಿಸುವ ಚಂದ್ರಿಕೆಗೆ ಹಾಕದೆ ಬೇರೆ ಆರಿಸಿಡುವುದನ್ನು ಹೇಳುತ್ತಿದ್ದೆ. ಸಮಿತಿಯವರು ಉಳಿದ ಪ್ರತಿಗಳಿಗೆ ತಪ್ಪೋಲೆಯ ಚೀಟಿ ಅಂಟಿಸಿದ್ದಾರೆ. ಹಂಚಿಹೋದವುಗಳಲ್ಲಿ ಆ ಪ್ಯಾರಾ ಹಾಗೆಯೇ ಇದೆ.